ನಿದ್ದೆ ಬಂದದ್ದು ಯಾವ ಪುಟದಲ್ಲಿ?

ದೀಪ ಆರಿಸಿ, ಕಾದಂಬರಿಯೊಂದರ ಆಡಿಯೋ ಪುಸ್ತಕ ಹಚ್ಚಿ ಮಲಗುವವರಿಗೆಲ್ಲ ಮರುದಿನ ಕಾಡುವ ಪ್ರಶ್ನೆ ಒಂದೇ: ಕಥೆ ಎಲ್ಲಿಗೆ ಬಂದಾಗ ನಿದ್ದೆ ಹತ್ತಿತು? ಟೈಮರ್ ಇಡದಿದ್ದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ನೀವು ಗೊರಕೆ ಹೊಡೆಯುವಾಗ ಓದುವ ದನಿ ಬೆಳಗಿನವರೆಗೂ ಓದಿರುತ್ತದೆ, ನಾಯಕಿಗೆ ಮದುವೆಯಾಗಿ ಮಕ್ಕಳೂ ಆಗಿರುತ್ತವೆ, ಫೋನಿನ ಬ್ಯಾಟರಿ ತಳ ಕಂಡಿರುತ್ತದೆ.

ಸ್ಲೀಪ್ ಟೈಮರ್ ಇರುವುದು ಬ್ಯಾಟರಿ ಉಳಿಸಲು ಎಂದು ಹಲವರ ಎಣಿಕೆ. ನನ್ನ ಮಟ್ಟಿಗೆ ಅದರ ನಿಜವಾದ ಉಪಯೋಗ, ಕಳೆದುಹೋದ ಜಾಗವನ್ನು ಹುಡುಕಲು ಎಲ್ಲೆ ಹಾಕಿಕೊಡುವುದು. 20 ನಿಮಿಷದ ಟೈಮರ್ ಇಟ್ಟು ಮಲಗಿದಿರಿ, ಪುಸ್ತಕ 2 ಗಂಟೆಯ ಗುರುತಿನಲ್ಲಿ ನಿಂತಿದೆ ಎಂದಿಟ್ಟುಕೊಳ್ಳಿ. ನಿದ್ದೆ ಬಂದದ್ದು 1 ಗಂಟೆ 40 ನಿಮಿಷಕ್ಕೂ 2 ಗಂಟೆಗೂ ನಡುವೆ. ಸೀದಾ ಮಧ್ಯಕ್ಕೆ, 1:50ಕ್ಕೆ ಹೋಗಿ ಅರ್ಧ ನಿಮಿಷ ಕೇಳಿ. ಕೇಳಿದ ನೆನಪಿದ್ದರೆ 1:55ಕ್ಕೆ ಮುಂದೆ ಹೋಗಿ, ಇಲ್ಲದಿದ್ದರೆ 1:45ಕ್ಕೆ ಹಿಂದೆ ಬನ್ನಿ. ಎರಡು ಮೂರು ಸಲದಲ್ಲಿ ಜಾಗ ಸಿಗುತ್ತದೆ. ಸಿಕ್ಕ ಮೇಲೂ ಒಂದೆರಡು ನಿಮಿಷ ಹಿಂದಿನಿಂದಲೇ ಶುರುಮಾಡುವುದು ಒಳ್ಳೆಯದು, ಏಕೆಂದರೆ ನಿದ್ದೆಗೆ ಜಾರುವ ಮುನ್ನ ಕಿವಿಗೆ ಬಿದ್ದದ್ದು ನೆನಪಿನಲ್ಲಿ ಸರಿಯಾಗಿ ಕೂರುವುದಿಲ್ಲ.

ಇದೇ ಕಾರಣಕ್ಕೆ ಕೆಲವು ಆ್ಯಪ್‌ಗಳಲ್ಲಿರುವ 'ಅಧ್ಯಾಯ ಮುಗಿದಾಗ ನಿಲ್ಲಿಸು' ಎಂಬ ಆಯ್ಕೆ ನನಗೆ ಹಿಡಿಸದು. ಅಧ್ಯಾಯ ಮುಕ್ಕಾಲು ಗಂಟೆಯದಾದರೆ ಹುಡುಕಾಟವೂ ಮುಕ್ಕಾಲು ಗಂಟೆಯದಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಉಚಿತವಾಗಿ ಸಿಗುವ ಆಂಟೆನಾಪಾಡ್ ಎಂಬ ಪಾಡ್‌ಕಾಸ್ಟ್ ಆ್ಯಪ್ ಇದಕ್ಕೊಂದು ಜಾಣ ದಾರಿ ಕಂಡುಕೊಂಡಿದೆ. ಸಮಯ ಮುಗಿಯುವ ಹೊತ್ತಿಗೆ ಫೋನ್ ಸಣ್ಣಗೆ ನಡುಗುತ್ತದೆ. ಎಚ್ಚರವಿದ್ದರೆ ಫೋನನ್ನು ಒಮ್ಮೆ ಅಲುಗಾಡಿಸಿ, ಟೈಮರ್ ಮೊದಲಿನಿಂದ ಎಣಿಸತೊಡಗುತ್ತದೆ. ಅಲುಗಾಡಿಸಿದ ಆ ಗಳಿಗೆಯಲ್ಲಿ ನೀವು ಎಚ್ಚರವಿದ್ದದ್ದು ಖಚಿತ. ಹಾಗಾಗಿ ಎಷ್ಟು ಸಲ ಮುಂದೂಡಿದರೂ ಮರುದಿನ ಹುಡುಕಬೇಕಾದ್ದು ಕೊನೆಯ 20 ನಿಮಿಷ ಮಾತ್ರ. ಐಫೋನಿನವರು ಗಡಿಯಾರದ ಆ್ಯಪ್‌ನಲ್ಲಿ ಟೈಮರ್ ಇಟ್ಟು, ಅದು ಮುಗಿದಾಗ ಬಾರಿಸಬೇಕಾದ ಗಂಟೆಯ ಬದಲು ಪಟ್ಟಿಯ ಕೊನೆಯಲ್ಲಿರುವ Stop Playing ಆರಿಸಿದರೆ ಸಾಕು. ಟೈಮರೇ ಇಲ್ಲದ ಆ್ಯಪ್‌ಗೂ ಅದು ಬಾಯಿ ಮುಚ್ಚಿಸುತ್ತದೆ.

ರೇಡಿಯೋದ ಲೆಕ್ಕ ಬೇರೆ. ಆಕಾಶವಾಣಿಯನ್ನು ನ್ಯೂಸ್ಆನ್ಏರ್ ಆ್ಯಪ್‌ನಲ್ಲಿ ಕೇಳುವಾಗ ತಪ್ಪಿಸಿಕೊಂಡದ್ದಕ್ಕೆ ಹಿಂದೆ ಹೋಗಲಾಗದು, ಹೋಗಬೇಕೆಂಬ ಕಾಟವೂ ಇಲ್ಲ. ನಿದ್ದೆಗೆ ಹಳೆಯ ಚಿತ್ರಗೀತೆ ಸಾಕೆನ್ನುವವರಿಗೆ ಪುಸ್ತಕಕ್ಕಿಂತ ಇದೇ ವಾಸಿ. ಆದರೆ ಇಲ್ಲಿ ಟೈಮರ್ ಮರೆತರೆ ಡೇಟಾ ಹೋಗುತ್ತದೆ: 64 ಕೆಬಿಪಿಎಸ್‌ನ ಪ್ರಸಾರ ಗಂಟೆಗೆ ಸುಮಾರು 29 ಎಂಬಿ ಎಳೆಯುತ್ತದೆ, ಎಂಟು ಗಂಟೆಯ ನಿದ್ದೆಗೆ 230 ಎಂಬಿ.

ನೆಟ್‌ವರ್ಕ್ ಇಲ್ಲದ ಕಡೆ ನೇರ ಪ್ರಸಾರದ ಆಸೆ ಬಿಡಬೇಕು. ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ರೈಲಿನಲ್ಲಿ ಹೊರಟಿದ್ದೀರಿ ಎನ್ನಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಸುಮಾರು 55 ಕಿಲೋಮೀಟರ್, ಸುರಂಗಗಳು 57. ರೈಲು ನಿಧಾನ, ಸಿಗ್ನಲ್ ಬಂದರೆ ಬಂತು. ಇಲ್ಲಿ ಕೆಲಸಕ್ಕೆ ಬರುವುದು ಮನೆಯ ವೈಫೈನಲ್ಲಿ ಇಳಿಸಿಕೊಂಡದ್ದು ಮಾತ್ರ. ಅದೇ 64 ಕೆಬಿಪಿಎಸ್‌ನಲ್ಲಿ ಹತ್ತು ಗಂಟೆಯ ಕಾದಂಬರಿ 290 ಎಂಬಿಯೊಳಗೆ ಮುಗಿಯುತ್ತದೆ, ಜಾಗದ ಚಿಂತೆಯಿಲ್ಲ.

ಚಿಂತೆ ಇರುವುದು, ಇಳಿದಿದೆ ಎಂದು ನಂಬಿದ್ದು ಇಳಿದಿರುವುದಿಲ್ಲ ಎಂಬಲ್ಲಿ. ಹಿಂದಿನ ದಿನ ಕೇಳಿದ ಭಾಗವನ್ನು ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಂಡಿರುತ್ತದೆ. ಅದು ಸಲೀಸಾಗಿ ಶುರುವಾಗಿ ಐದು ನಿಮಿಷಕ್ಕೆ ಚಕ್ರ ತಿರುಗಿಸುತ್ತ ನಿಲ್ಲುತ್ತದೆ. ಪರೀಕ್ಷೆ ಸುಲಭ. ಹೊರಡುವ ಸಂಜೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಕಂತಿನ ಮೊದಲನ್ನಲ್ಲ, ಕೊನೆಯ ಭಾಗವನ್ನು ಹಚ್ಚಿ ನೋಡಿ. ಅದು ಓದಿದರೆ ಪೂರ್ತಿ ಇಳಿದಿದೆ ಎಂದರ್ಥ. ಚಂದಾ ಕಟ್ಟಿ ಕೇಳುವ ಆ್ಯಪ್‌ಗಳ ಕಡತ ಆ ಆ್ಯಪ್‌ನೊಳಗೇ ಬೀಗ ಹಾಕಿಕೊಂಡಿರುತ್ತದೆ, ಚಂದಾ ಮುಗಿದರೆ ಬೀಗ ತೆರೆಯದು. ಸ್ಪಾಟಿಫೈನಲ್ಲಾದರೆ ಇಳಿಸಿದ್ದು ಉಳಿಯಲು 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಬರಬೇಕು. ಆಂಟೆನಾಪಾಡ್‌ನಂಥವು ಪಾಡ್‌ಕಾಸ್ಟ್‌ನ ಕಡತವನ್ನೇ ಇಳಿಸಿಕೊಳ್ಳುವುದರಿಂದ ಅಂಥ ಗಡುವಿಲ್ಲ. 'ತಲೆ-ಹರಟೆ'ಯಂಥ ಮಾತುಕತೆಯ ಪಾಡ್‌ಕಾಸ್ಟನ್ನು ನಾನು ಪ್ರಯಾಣಕ್ಕೆ ಇಳಿಸಿಕೊಳ್ಳುವುದು ಅದರಲ್ಲೇ.

ಬರ್ತ್‌ನಲ್ಲಿ ಮಲಗಿ ಕೇಳುವವರು ಇನ್ನೊಂದು ಕೆಲಸ ಮಾಡಿಡಬೇಕು. ಕಂತು ಮುಗಿದೊಡನೆ ಮುಂದಿನದು ತಾನಾಗಿ ಶುರುವಾಗುವ ಸೌಲಭ್ಯವನ್ನು ತೆಗೆದುಹಾಕಿ. ಅಥವಾ, ಆಯಾ ಪಾಡ್‌ಕಾಸ್ಟ್‌ನ ಸೆಟ್ಟಿಂಗ್‌ನಲ್ಲಿ ಆರಂಭದ ಇಷ್ಟು ಸೆಕೆಂಡ್ ಹಾರಿಸು ಎಂದು ಬರೆದಿಡಿ. ಎಷ್ಟೇ ಮೆದುವಾಗಿ ಮಾತಾಡುವ ನಿರೂಪಕರೂ ಶೀರ್ಷಿಕೆ ಸಂಗೀತಕ್ಕೆ ಡೋಲು ಬಾರಿಸದೆ ಬಿಡುವುದಿಲ್ಲ.