ಫ್ಲಾಸ್ಕಿನೊಳಗಿನ ಕಂದು ಕಲೆ

ಪಿಂಗಾಣಿ ಕಪ್ಪಿನ ಕಲೆಗೆ ಒದ್ದೆ ಬೆರಳಲ್ಲಿ ಅಡುಗೆ ಸೋಡಾ ತೆಗೆದುಕೊಂಡು ತಿಕ್ಕಿದರೆ ಸಾಕು. ಕಾಡಿಸುವುದು ಕೈ ತೂರದ ಸ್ಟೀಲ್ ಫ್ಲಾಸ್ಕು. ಚಹಾ, ಕಾಫಿಯ ಒಗರಿನಂಶ ಒಳಮೈಗೆ ಪದರಪದರವಾಗಿ ಅಂಟುತ್ತದೆ. ಬೋರ್‌ವೆಲ್ ನೀರಿನ ಸುಣ್ಣ ಸೇರಿದರೆ ಇನ್ನೂ ಗಟ್ಟಿ.

ಅರ್ಧ ಲೀಟರ್ ಫ್ಲಾಸ್ಕಿಗೆ ಒಂದು ದೊಡ್ಡ ಚಮಚ ಸೋಡಾ ಹಾಕಿ, ಕುದಿಯುವ ನೀರು ತುಂಬಿ, ರಾತ್ರಿಯಿಡೀ ಬಿಡಿ. ಮುಚ್ಚಳ ಬೇಡ, ಒಳಗೆ ಒತ್ತಡ ಏರೀತು. ಬೆಳಿಗ್ಗೆ ನೀರು ಕಂದಾಗಿದ್ದರೆ ಕಲೆ ಬಿಟ್ಟಿದೆ ಎಂದೇ ಅರ್ಥ; ಬಾಟಲಿ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಆಮೇಲೂ ಬಿಳಿ ಪೊರೆ ಕಂಡರೆ ಅದು ಸುಣ್ಣ. ಅದಕ್ಕೆ ಬಿಸಿನೀರು, ನಿಂಬೆರಸ, ಅರ್ಧ ಗಂಟೆ. ಸೋಡಾ, ಹುಳಿ ಒಟ್ಟಿಗೆ ಹಾಕಿದರೆ ಬರೀ ನೊರೆ. ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ. ಬ್ಲೀಚನ್ನಂತೂ ಸ್ಟೀಲಿಗೆ ಸೋಕಿಸಲೇಬೇಡಿ, ಸಣ್ಣ ಗುಳಿ ಬಿದ್ದು ತುಕ್ಕು ಹಿಡಿಯುತ್ತದೆ.