ಎರಡು ದ್ರವಗಳ ನಡುವೆ ತೂಗುವ ಸಿಲಿಂಡರ್

ನೀರಿನ ಮೇಲೆ ಸೀಮೆಎಣ್ಣೆ ಸುರಿದರೆ ಅದು ಬೆರೆಯದೆ ಬೇರೆ ಪದರವಾಗಿ ನಿಲ್ಲುತ್ತದೆ. ಆ ಎರಡು ಪದರಗಳಲ್ಲೂ ಮೈ ಹಂಚಿಕೊಂಡು, ಪೂರ್ತಿ ಮುಳುಗಿ, ದಾರದಲ್ಲಿ ತೂಗುತ್ತಿರುವ ಲೋಹದ ತುಂಡಿನ ತೂಕ ತಕ್ಕಡಿಯಲ್ಲಿ ಎಷ್ಟು ಕಾಣಿಸುತ್ತದೆ? ತುಂಡು ಎಷ್ಟು ಸೀಮೆಎಣ್ಣೆಯನ್ನೂ ಎಷ್ಟು ನೀರನ್ನೂ ಪಕ್ಕಕ್ಕೆ ಸರಿಸಿದೆಯೋ ಅವೆರಡರ ತೂಕವನ್ನು ಕೂಡಿ, ತುಂಡಿನ ನಿಜವಾದ ತೂಕದಿಂದ ಕಳೆದರೆ ಉತ್ತರ ಸಿಗುತ್ತದೆ. ಕಳೆಯುವ ಮೊತ್ತಕ್ಕೆ ಪ್ಲವನ ಬಲ ಎಂದೂ, ಉಳಿದದ್ದಕ್ಕೆ ತೋರಿಕೆಯ ತೂಕ ಎಂದೂ ಹೆಸರು. ಲೆಕ್ಕ ಇಷ್ಟು ಸುಲಭವಾದರೂ ಅದರೊಳಗೆ ಒಂದು ತೊಡಕಿದೆ. ತುಂಡಿನ ತಳ ಇರುವುದು ನೀರಿನಲ್ಲಿ. ಸೀಮೆಎಣ್ಣೆ ತಾಗಿರುವುದು ಅದರ ಪಕ್ಕಗಳಿಗೆ ಮತ್ತು ನೆತ್ತಿಗೆ ಮಾತ್ರ. ಪಕ್ಕದಿಂದ ಒತ್ತುವ ದ್ರವ ಮೇಲಕ್ಕೆ ಎತ್ತಲಾರದು, ನೆತ್ತಿಯ ಮೇಲಿನ ದ್ರವವಂತೂ ಕೆಳಕ್ಕೇ ಒತ್ತುತ್ತದೆ. ಹೀಗಿರುವಾಗ ಸೀಮೆಎಣ್ಣೆ ತುಂಡನ್ನು ಮೇಲಕ್ಕೆ ನೂಕುವುದಾದರೂ ಹೇಗೆ?

ಇದನ್ನು ಒಂದು ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ನೋಡಬಹುದು. ಅದರ ಎತ್ತರ 10 ಸೆಂ.ಮೀ., ತಳದ ವಿಸ್ತೀರ್ಣ 20 ಚದರ ಸೆಂ.ಮೀ. ಎಂದಿರಲಿ. ಗಾತ್ರ 200 ಘನ ಸೆಂ.ಮೀ. ಆಯಿತು. ಅಲ್ಯೂಮಿನಿಯಂನ ಸಾಂದ್ರತೆ ನೀರಿನ 2.7 ಪಟ್ಟು ಇರುವುದರಿಂದ ಗಾಳಿಯಲ್ಲಿ ಅದರ ತೂಕ 540 ಗ್ರಾಂ. ಅದನ್ನು ಹಿಗ್ಗದ ದಾರದಿಂದ ಎಲೆಕ್ಟ್ರಾನಿಕ್ ತಕ್ಕಡಿಗೆ ನೇತುಹಾಕಿ, ಅಗಲವಾದ ಪಾತ್ರೆಯ ನೀರಿನಲ್ಲಿ 6 ಸೆಂ.ಮೀ. ಮಾತ್ರ ಮುಳುಗುವಂತೆ ಇಳಿಬಿಡಲಾಗಿದೆ. ಮೇಲಿನ 4 ಸೆಂ.ಮೀ. ಗಾಳಿಯಲ್ಲಿದೆ. ಸರಿದ ನೀರು 120 ಘನ ಸೆಂ.ಮೀ., ತೂಕ 120 ಗ್ರಾಂ. ತಕ್ಕಡಿ 420 ಗ್ರಾಂ ತೋರಿಸುತ್ತದೆ.

ಈಗ ಪಾತ್ರೆಯ ಅಂಚಿನಿಂದ ಮೆಲ್ಲಗೆ, ನೀರು ಕದಡದಂತೆ, ಸೀಮೆಎಣ್ಣೆ ಸುರಿಯಬೇಕು. ಅದರ ಸಾಂದ್ರತೆ ನೀರಿನದರ 0.8ರಷ್ಟು. ಪದರ 1 ಸೆಂ.ಮೀ. ಏರಿದಾಗ ತಕ್ಕಡಿ 404ಕ್ಕೆ ಇಳಿಯುತ್ತದೆ, 2 ಸೆಂ.ಮೀ. ಏರಿದಾಗ 388ಕ್ಕೆ. ಸಿಲಿಂಡರಿನ ತಳಕ್ಕೆ ಒಂದು ಹನಿ ಸೀಮೆಎಣ್ಣೆಯೂ ತಾಗಿಲ್ಲ, ಆದರೂ ಪ್ರತಿ ಸೆಂಟಿಮೀಟರಿಗೆ 16 ಗ್ರಾಂನಂತೆ ತೂಕ ಕರಗುತ್ತಿದೆ. ಇದಕ್ಕೆ ಕಾರಣ ಒತ್ತಡ. ನೀರಿನ ಮೇಲೆ ಹರಡಿದ ಸೀಮೆಎಣ್ಣೆ ತನ್ನ ಭಾರದಿಂದ ನೀರನ್ನು ಒತ್ತುತ್ತದೆ. ನಿಂತ ದ್ರವ ತನ್ನ ಮೇಲೆ ಬಿದ್ದ ಒತ್ತಡವನ್ನು ಮೂಲೆಮೂಲೆಗೂ ಕುಗ್ಗಿಸದೆ ತಲುಪಿಸುತ್ತದೆ. ಹಾಗಾಗಿ ಸಿಲಿಂಡರಿನ ತಳದ ಕೆಳಗಿರುವ ನೀರಿನಲ್ಲೂ ಒತ್ತಡ ಅಷ್ಟೇ ಹೆಚ್ಚುತ್ತದೆ, ಆ ನೀರು ತಳವನ್ನು ಮೊದಲಿಗಿಂತ ಜೋರಾಗಿ ಮೇಲಕ್ಕೆ ನೂಕುತ್ತದೆ. ಸೀಮೆಎಣ್ಣೆ ಎತ್ತುವುದು ನೀರಿನ ಕೈಯಿಂದ.

ಪದರ 4 ಸೆಂ.ಮೀ. ಆದಾಗ ಸಿಲಿಂಡರಿನ ನೆತ್ತಿ ಸೀಮೆಎಣ್ಣೆಯ ಮಟ್ಟಕ್ಕೆ ಸಮನಾಗುತ್ತದೆ, ತಕ್ಕಡಿ 356 ಗ್ರಾಂ ತೋರಿಸುತ್ತದೆ. ಅಲ್ಲಿಂದ ಮುಂದೆ ಎಷ್ಟೇ ಸುರಿದರೂ ಅಂಕಿ ಕದಲುವುದಿಲ್ಲ. ಹೊಸದಾಗಿ ಬಂದ ಸೀಮೆಎಣ್ಣೆ ತಳದ ಮೇಲಿನ ಒತ್ತಡವನ್ನು ಹೆಚ್ಚಿಸುವುದು ನಿಂತಿಲ್ಲ. ಆದರೆ ಈಗ ಅದು ನೆತ್ತಿಯ ಮೇಲೂ ನಿಂತು ಅಷ್ಟೇ ಬಲದಿಂದ ಕೆಳಕ್ಕೆ ಒತ್ತುತ್ತದೆ, ಎರಡೂ ಒಂದಕ್ಕೊಂದು ವಜಾ ಆಗುತ್ತವೆ. ಗಾಳಿಯ ಒತ್ತಡವನ್ನು ಈ ಲೆಕ್ಕದಲ್ಲಿ ಎಲ್ಲೂ ಸೇರಿಸದಿರುವುದಕ್ಕೂ ಇದೇ ಕಾರಣ. ಅದು ಮೇಲೂ ಕೆಳಗೂ ಸಮನಾಗಿ ಬೀಳುತ್ತದೆ.

ಸೀಮೆಎಣ್ಣೆಯ ಪದರ 7 ಸೆಂ.ಮೀ. ಇದ್ದು, ನೆತ್ತಿ ಅದರ ಮಟ್ಟದಿಂದ 3 ಸೆಂ.ಮೀ. ಆಳದಲ್ಲಿದೆ ಎಂದಿಟ್ಟುಕೊಂಡು ಇದನ್ನು ಲೆಕ್ಕದಲ್ಲೇ ತಾಳೆ ನೋಡಬಹುದು. ನೆತ್ತಿಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ 3 ಸೆಂ.ಮೀ. ಸೀಮೆಎಣ್ಣೆಯ ಭಾರ, ಅಂದರೆ 2.4 ಗ್ರಾಂ. ತಳದ ಪ್ರತಿ ಚದರ ಸೆಂಟಿಮೀಟರಿಗೆ 7 ಸೆಂ.ಮೀ. ಸೀಮೆಎಣ್ಣೆಯ 5.6 ಗ್ರಾಂ ಮತ್ತು 6 ಸೆಂ.ಮೀ. ನೀರಿನ 6 ಗ್ರಾಂ ಸೇರಿ 11.6 ಗ್ರಾಂ. ವ್ಯತ್ಯಾಸ 9.2 ಗ್ರಾಂ. ಅದನ್ನು 20ರಿಂದ ಗುಣಿಸಿದರೆ 184 ಗ್ರಾಂ. ಇನ್ನೊಂದು ದಾರಿಯಲ್ಲಿ, ಸರಿದ ಸೀಮೆಎಣ್ಣೆ 80 ಘನ ಸೆಂ.ಮೀ., ತೂಕ 64 ಗ್ರಾಂ. ಸರಿದ ನೀರು 120 ಗ್ರಾಂ. ಮೊತ್ತ ಅದೇ 184. ತೋರಿಕೆಯ ತೂಕ 540ರಲ್ಲಿ 184 ಕಳೆದು 356 ಗ್ರಾಂ.

ಸಿಲಿಂಡರಿನ ಬದಲು ಸೊಟ್ಟಪಟ್ಟ ಕಲ್ಲು ಇದ್ದರೆ ನೆತ್ತಿ, ತಳ ಎಂದು ಬಿಡಿಸಿ ಲೆಕ್ಕ ಹಾಕಲಾಗದು. ಅಲ್ಲಿ ನೆರವಿಗೆ ಬರುವ ತರ್ಕವನ್ನು ಫ್ಲಾಂಡರ್ಸ್‌ನ ಸೈಮನ್ ಸ್ಟೆವಿನ್ 1586ರಷ್ಟು ಹಿಂದೆಯೇ ನೀರಿನ ವಿಷಯದಲ್ಲಿ ಬಳಸಿದ್ದ. ಕಲ್ಲನ್ನು ತೆಗೆದು, ಅದೇ ಆಕಾರದ ಜಾಗದಲ್ಲಿ ಗಡಿಯ ಮೇಲೆ ಸೀಮೆಎಣ್ಣೆ, ಕೆಳಗೆ ನೀರು ತುಂಬಿದೆ ಎಂದು ಭಾವಿಸಬೇಕು. ಆ ದ್ರವದ ತುಂಡು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಇದ್ದಲ್ಲೇ ಇರುತ್ತದೆ. ಅಂದಮೇಲೆ ಸುತ್ತಲಿನ ದ್ರವ ಅದರ ತೂಕದಷ್ಟೇ ಬಲದಿಂದ ಅದನ್ನು ಹೊತ್ತಿರಲೇಬೇಕು. ಸುತ್ತಲಿನ ದ್ರವಕ್ಕೆ ಆ ಜಾಗದಲ್ಲಿ ಕಲ್ಲಿದೆಯೋ ದ್ರವವಿದೆಯೋ ಒಂದೇ. ಕಲ್ಲಿಗೂ ಅದೇ ಬಲ ಸಿಗುತ್ತದೆ. ಈ ತರ್ಕ ನಡೆಯಬೇಕಾದರೆ ಕಲ್ಲಿನ ಸುತ್ತ, ಅದರ ಕೆಳಗೂ, ದ್ರವ ಇರಬೇಕು. ನುಣುಪಾದ ತಳ ಪಾತ್ರೆಯ ತಳಕ್ಕೆ ನಡುವೆ ನೀರು ನುಸುಳದಂತೆ ಅಂಟಿ ಕೂತರೆ ಮೇಲಕ್ಕೆ ನೂಕಲು ಅಲ್ಲಿ ದ್ರವವೇ ಇರುವುದಿಲ್ಲ, ಸೂತ್ರವೂ ಸಲ್ಲುವುದಿಲ್ಲ.

ಕಡಿಮೆಯಾದ 184 ಗ್ರಾಂ ಮಾಯವಾಗುವುದಿಲ್ಲ. ಪಾತ್ರೆಯ ಅಡಿಗೆ ಇನ್ನೊಂದು ತಕ್ಕಡಿ ಇಟ್ಟರೆ, ಪಾತ್ರೆ ಮತ್ತು ದ್ರವಗಳ ತೂಕಕ್ಕಿಂತ ಸರಿಯಾಗಿ 184 ಗ್ರಾಂ ಹೆಚ್ಚು ತೋರಿಸುತ್ತದೆ. ದ್ರವ ಸಿಲಿಂಡರನ್ನು ಮೇಲಕ್ಕೆ ನೂಕಿದಷ್ಟೇ ಸಿಲಿಂಡರ್ ದ್ರವವನ್ನು ಕೆಳಕ್ಕೆ ನೂಕುತ್ತದೆ.

ಸ್ಪ್ರಿಂಗ್ ತಕ್ಕಡಿಯಲ್ಲಿ ಇದೇ ಪ್ರಯೋಗ ಮಾಡಿದರೆ ಉತ್ತರ ತುಸು ಬೇರೆ ಬರುತ್ತದೆ. 100 ಗ್ರಾಂಗೆ 1 ಸೆಂ.ಮೀ. ಹಿಗ್ಗುವ ಸ್ಪ್ರಿಂಗ್ ಎನ್ನೋಣ. ಸೀಮೆಎಣ್ಣೆ ಸುರಿದಂತೆ ತೂಕ ಇಳಿದು ಸ್ಪ್ರಿಂಗ್ ಕುಗ್ಗುತ್ತದೆ, ಸಿಲಿಂಡರ್ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚೇ ಮೇಲೇರುತ್ತದೆ. ಅಷ್ಟು ಭಾಗ ನೀರಿನಿಂದ ಸೀಮೆಎಣ್ಣೆಗೆ ಬರುತ್ತದೆ. ಕೊನೆಗೆ ಮುಳ್ಳು ನಿಲ್ಲುವುದು 356ರಲ್ಲಲ್ಲ, ಸುಮಾರು 358.5ರಲ್ಲಿ. ಪುಸ್ತಕದ ಉತ್ತರಕ್ಕೂ ಪ್ರಯೋಗಕ್ಕೂ ಎರಡೂವರೆ ಗ್ರಾಂ ಅಂತರ ಬಂದಾಗ ತಕ್ಕಡಿಯನ್ನು ದೂರುವ ಮೊದಲು ಗಡಿ ಸಿಲಿಂಡರಿನ ಮೇಲೆ ಎಲ್ಲಿದೆ ಎಂದು ಅಳೆದು ನೋಡುವುದು ಒಳ್ಳೆಯದು. ಗಡಿಯಲ್ಲಿ ದ್ರವಗಳ ಮೇಲ್ಮೈ ಎಳೆತವೂ ಸಿಲಿಂಡರನ್ನು ಹಿಡಿದುಕೊಳ್ಳುತ್ತದೆ. ಈ ಗಾತ್ರದ ಸಿಲಿಂಡರಿಗೆ ಅದು ಒಂದು ಗ್ರಾಂಗೂ ಕಡಿಮೆ. ಮೈಗೆ ಅಂಟಿದ ಗಾಳಿಗುಳ್ಳೆಗಳು ಅದಕ್ಕಿಂತ ಹೆಚ್ಚು ಕೆಡಿಸಬಲ್ಲವು.

ಸಿಲಿಂಡರ್ ಎರಡೂ ಪದರಗಳಲ್ಲಿ ಮುಳುಗಿರುವಷ್ಟು ಹೊತ್ತು ಅದನ್ನು 1 ಸೆಂ.ಮೀ. ಕೆಳಗಿಳಿಸಿದರೆ 20 ಘನ ಸೆಂ.ಮೀ. ಭಾಗ ಸೀಮೆಎಣ್ಣೆಯಿಂದ ನೀರಿಗೆ ಹೋಗುತ್ತದೆ, ಪ್ಲವನ ಬಲ 4 ಗ್ರಾಂ ಏರುತ್ತದೆ. ಪೂರ್ತಿ ಸೀಮೆಎಣ್ಣೆಯಲ್ಲಿದ್ದರೆ ತೋರಿಕೆಯ ತೂಕ 380, ಪೂರ್ತಿ ನೀರಿನಲ್ಲಿದ್ದರೆ 340. ನಡುವೆ ಸಮ ಹೆಜ್ಜೆಯ ಇಳಿಕೆ. ಹಾಗಾದರೆ ಸಿಲಿಂಡರನ್ನು ಒಂದೇ ಕಡೆ ನಿಲ್ಲಿಸಿ, ತೂಕವನ್ನು ಓದಿ, ಗಡಿ ಎಲ್ಲಿದೆ ಎಂದು ಹೇಳಬಹುದಲ್ಲ? ತೈಲೋದ್ಯಮದಲ್ಲಿ ಇದನ್ನೇ ಮಾಡುತ್ತಾರೆ.

ಕಚ್ಚಾ ತೈಲದಿಂದ ನೀರನ್ನು ಬೇರ್ಪಡಿಸುವ ಮುಚ್ಚಿದ ಉಕ್ಕಿನ ಪಾತ್ರೆಗಳಲ್ಲಿ ತೈಲ ಮೇಲೆ, ನೀರು ಕೆಳಗೆ ನಿಲ್ಲುತ್ತವೆ. ಗಡಿ ಕಣ್ಣಿಗೆ ಕಾಣುವುದಿಲ್ಲ. ಅದು ಮಿತಿ ಮೀರಿ ಏರಿದರೆ ತೈಲದ ಜೊತೆ ನೀರು ಹೋಗುತ್ತದೆ, ಇಳಿದರೆ ನೀರಿನ ಜೊತೆ ತೈಲ ಹೋಗುತ್ತದೆ. ಗಡಿಯನ್ನು ತಿಳಿಯಲು ಡಿಸ್‌ಪ್ಲೇಸರ್ ಎಂಬ ಉದ್ದನೆಯ ಸಿಲಿಂಡರನ್ನು ಒಳಗೆ ತೂಗುಬಿಡುತ್ತಾರೆ. ಅದು ತೇಲುವ ಬುರುಡೆಯಲ್ಲ, ನೀರಿಗಿಂತ ಭಾರವಾದದ್ದು. ತಿರುಚುವ ಕೊಳವೆಯೊಂದು ಅದರ ಭಾರ ಹೊತ್ತು, ತೋರಿಕೆಯ ತೂಕ ಬದಲಾದಂತೆ ನಾಲ್ಕೈದು ಡಿಗ್ರಿಯೊಳಗೇ ತಿರುಗಿ ಅಳತೆ ಕೊಡುತ್ತದೆ.

ಅಂಥ ಒಂದು ಡಿಸ್‌ಪ್ಲೇಸರ್ 80 ಸೆಂ.ಮೀ. ಉದ್ದ, 1600 ಘನ ಸೆಂ.ಮೀ. ಗಾತ್ರ ಇರಲಿ. ತೈಲದ ಸಾಂದ್ರತೆ 0.85, ನೀರಿನದು 1. ಪೂರ್ತಿ ತೈಲದಲ್ಲಿ ಪ್ಲವನ ಬಲ 1360 ಗ್ರಾಂ, ಪೂರ್ತಿ ನೀರಿನಲ್ಲಿ 1600. ಇಡೀ 80 ಸೆಂ.ಮೀ. ಅಳತೆ ಈ 240 ಗ್ರಾಂ ಒಳಗೆ ನಡೆಯಬೇಕು, ಸೆಂಟಿಮೀಟರಿಗೆ 3 ಗ್ರಾಂ. ಗಾಳಿ ಮತ್ತು ನೀರಿನ ಗಡಿಯಾಗಿದ್ದರೆ ಇದೇ ಅಂತರ 1600 ಗ್ರಾಂ ಸಿಗುತ್ತಿತ್ತು. ಎರಡು ದ್ರವಗಳ ಗಡಿ ಹಿಡಿಯುವುದು ಎಷ್ಟು ನಾಜೂಕು ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಒಂದು ದಿನ ಬೇರೆ ಬಾವಿಯ, 0.88 ಸಾಂದ್ರತೆಯ ತೈಲ ಬರುತ್ತದೆ ಎನ್ನೋಣ. ಗಡಿ ನಿಜವಾಗಿ 40 ಸೆಂ.ಮೀ.ನಲ್ಲೇ ಇದೆ. ಮೇಲರ್ಧಕ್ಕೆ 704, ಕೆಳಗಿನ ಅರ್ಧಕ್ಕೆ 800, ಒಟ್ಟು 1504 ಗ್ರಾಂ ಬಲ. ಉಪಕರಣಕ್ಕೆ ಹಳೆಯ ತೈಲವೇ ಗೊತ್ತು. 1360ರ ಮೇಲೆ 144 ಗ್ರಾಂ ಹೆಚ್ಚಿದೆ, ಆದ್ದರಿಂದ ಗಡಿ 48 ಸೆಂ.ಮೀ. ಎಂದು ಅದು ಹೇಳುತ್ತದೆ. ತೈಲದಲ್ಲಾದ ಸಣ್ಣ ಬದಲಾವಣೆ ನೀರಿನ ಮಟ್ಟದಲ್ಲಿ 8 ಸೆಂ.ಮೀ. ತಪ್ಪಾಯಿತು.

ಇದಕ್ಕಿಂತ ಕೆಟ್ಟದ್ದು ಡಿಸ್‌ಪ್ಲೇಸರಿನ ನೆತ್ತಿ ತೈಲದಿಂದ ಹೊರಬರುವುದು. ತೈಲದ ಮಟ್ಟ ಇಳಿದು ಮೇಲಿನ 5 ಸೆಂ.ಮೀ. ಬರಿದಾದರೆ 85 ಗ್ರಾಂ ಪ್ಲವನ ಬಲ ಕಳೆದುಹೋಗುತ್ತದೆ. ನೀರು 28 ಸೆಂ.ಮೀ. ಕುಸಿದಿದೆ ಎಂದು ಉಪಕರಣ ತಿಳಿಯುತ್ತದೆ. ಅದರ ಮಾತು ನಂಬಿದ ನಿಯಂತ್ರಣ ವ್ಯವಸ್ಥೆ ನೀರು ಹೊರಬಿಡುವ ಕವಾಟವನ್ನು ಮುಚ್ಚುತ್ತದೆ, ಒಳಗೆ ನೀರು ಏರತೊಡಗುತ್ತದೆ. ಎರಡು ದ್ರವಗಳ ಲೆಕ್ಕ ಸರಿಬರಲು ವಸ್ತು ಪೂರ್ತಿ ಮುಳುಗಿರಲೇಬೇಕು ಎಂಬ ಷರತ್ತು ಇಲ್ಲಿ ಕಟ್ಟುನಿಟ್ಟಾದದ್ದು.

ಗಡಿಯೇ ಸ್ಪಷ್ಟವಿಲ್ಲದ ಸ್ಥಿತಿಯೂ ಉಂಟು. ಕಚ್ಚಾ ತೈಲ ಮತ್ತು ನೀರಿನ ನಡುವೆ ಹಲವು ಸಲ ಎರಡೂ ಹನಿಹನಿಯಾಗಿ ಬೆರೆತ ದಪ್ಪ ಪದರ ಕೂತಿರುತ್ತದೆ. ಅದರ ಸಾಂದ್ರತೆ ನಡುವಿನದು. ಪ್ಲವನ ಬಲದ ಲೆಕ್ಕ ಆಗಲೂ ಸುಳ್ಳಾಗುವುದಿಲ್ಲ, ಮೂರು ಪದರಗಳ ತೂಕ ಕೂಡಬೇಕು ಅಷ್ಟೆ. ಆದರೆ ಒಂದೇ ಒಂದು ಅಂಕಿಯಿಂದ ಆ ಪದರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳಲು ಬರುವುದಿಲ್ಲ. ಡಿಸ್‌ಪ್ಲೇಸರಿನ ಮೈಗೆ ಮೇಣ, ಕೆಸರು ಮೆತ್ತಿಕೊಂಡಾಗಲೂ ಓದು ಕೆಡುತ್ತದೆ. ಅದಕ್ಕೇ ಇಂಥ ಪಾತ್ರೆಗಳ ಪಕ್ಕದಲ್ಲಿ ಬೇರೆ ಬೇರೆ ಎತ್ತರಕ್ಕೆ ಸಣ್ಣ ನಲ್ಲಿಗಳನ್ನು ಇಟ್ಟಿರುತ್ತಾರೆ. ಒಂದೊಂದನ್ನೂ ತೆರೆದು, ಬಂದದ್ದು ತೈಲವೋ ನೀರೋ ಎರಡೂ ಬೆರೆತದ್ದೋ ಎಂದು ನೋಡಿ, ಉಪಕರಣ ಹೇಳಿದ ಗಡಿಯೊಂದಿಗೆ ತಾಳೆ ಹಾಕಲಾಗುತ್ತದೆ.