ದರ್ಪಣಕ್ಕೊಂದು ಚಿಹ್ನೆ, ಮಸೂರಕ್ಕೊಂದು ಚಿಹ್ನೆ

10 ಸೆಂ.ಮೀ. ಸಂಗಮ ದೂರದ ಪೀನ ಮಸೂರ ಮತ್ತು ಅಷ್ಟೇ ಸಂಗಮ ದೂರದ ನಿಮ್ನ ದರ್ಪಣ, ಎರಡರ ಮುಂದೆಯೂ 15 ಸೆಂ.ಮೀ. ದೂರದಲ್ಲಿ 2.5 ಸೆಂ.ಮೀ. ಎತ್ತರದ ವಸ್ತುವಿದ್ದರೆ, ಎರಡೂ 30 ಸೆಂ.ಮೀ. ದೂರದಲ್ಲೇ ದುಪ್ಪಟ್ಟು ಎತ್ತರದ, ತಲೆಕೆಳಗಾದ ಸತ್ಯ ಪ್ರತಿಬಿಂಬ ಕೊಡುತ್ತವೆ. ಹಾಗಿದ್ದರೂ ಉತ್ತರಪತ್ರಿಕೆಯಲ್ಲಿ ಬರೆಯಬೇಕಾದ ಚಿಹ್ನೆಗಳು ಬೇರೆ ಬೇರೆ. ಹತ್ತನೇ ತರಗತಿಯ ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲೇ.

ಚಿತ್ರಕ್ಕೆ 5 ಸೆಂ.ಮೀ.ಗೆ 1 ಸೆಂ.ಮೀ. ಎಂಬ ಪ್ರಮಾಣ ಸಾಕು. ಮೊದಲು ಪ್ರಧಾನ ಅಕ್ಷ, ಅದರ ನಡುವೆ ಮಸೂರ, ಎರಡೂ ಬದಿಗೆ 2 ಸೆಂ.ಮೀ.ನಲ್ಲಿ ಸಂಗಮ ಬಿಂದು. ಎಡಕ್ಕೆ 3 ಸೆಂ.ಮೀ.ನಲ್ಲಿ ಅರ್ಧ ಸೆಂ.ಮೀ. ಎತ್ತರದ ಬಾಣವೇ ವಸ್ತು. ಅದರ ತುದಿಯಿಂದ ಅಕ್ಷಕ್ಕೆ ಸಮಾಂತರವಾಗಿ ಹೊರಟ ಕಿರಣ ಮಸೂರದ ನಡುಗೆರೆಯಲ್ಲಿ ಒಮ್ಮೆ ಮಾತ್ರ ಬಾಗಿ, ಬಲಬದಿಯ ಸಂಗಮ ಬಿಂದುವನ್ನು ಹಾಯುತ್ತದೆ. ದ್ಯುತಿ ಕೇಂದ್ರದ ಮೂಲಕ ಹೋಗುವ ಎರಡನೆಯ ಕಿರಣ ಬಾಗುವುದೇ ಇಲ್ಲ. ಇವೆರಡೂ ಬಲಕ್ಕೆ 6 ಸೆಂ.ಮೀ.ನಲ್ಲಿ, ಅಕ್ಷದ ಕೆಳಗೆ 1 ಸೆಂ.ಮೀ.ನಲ್ಲಿ ಸೇರಬೇಕು. ಬೇರೆಡೆ ಸೇರಿದರೆ ಮೊದಲ ಗೆರೆ ನಿಜವಾಗಿ ಸಮಾಂತರವಾಗಿದೆಯೇ ಎಂದು ಅಳೆದು ನೋಡುವುದು ಒಳ್ಳೆಯದು.

ದರ್ಪಣದಲ್ಲಿ ಸಮಾಂತರ ಕಿರಣ ಹಿಂದಿರುಗಿ ಸಂಗಮ ಬಿಂದುವನ್ನು ಹಾಯುತ್ತದೆ. ಸಂಗಮ ಬಿಂದುವಿನ ಮೂಲಕ ಬಂದ ಕಿರಣ ಅಕ್ಷಕ್ಕೆ ಸಮಾಂತರವಾಗಿ ಹಿಂದಿರುಗುತ್ತದೆ. ಬಾಣವನ್ನು ಎತ್ತರವಾಗಿ ಬರೆದರೆ ಕಿರಣಗಳು ದರ್ಪಣದ ಅಂಚಿಗೆ ಬಡಿದು ಸರಿಯಾದ ಜಾಗದಲ್ಲಿ ಸೇರುವುದಿಲ್ಲ. ಅದು ಕೈಯ ತಪ್ಪಲ್ಲ, ಗೋಳೀಯ ದರ್ಪಣದ ಮಿತಿ.

ಇನ್ನು ಚಿಹ್ನೆ. ದೂರಗಳನ್ನು ದರ್ಪಣದ ಧ್ರುವದಿಂದ ಅಥವಾ ಮಸೂರದ ದ್ಯುತಿ ಕೇಂದ್ರದಿಂದ ಅಳೆಯಬೇಕು. ಬೆಳಕು ಬರುವ ದಿಕ್ಕಿನಲ್ಲಿ ಅಳೆದದ್ದು ಧನ, ಎದುರು ದಿಕ್ಕಿನದು ಋಣ. ಅಕ್ಷದ ಮೇಲಿನ ಎತ್ತರ ಧನ, ಕೆಳಗಿನದು ಋಣ. ಎರಡೂ ಕಡೆ ವಸ್ತು ಎಡಕ್ಕಿರುವುದರಿಂದ u = −15. ಪೀನ ಮಸೂರಕ್ಕೆ f = +10, ನಿಮ್ನ ದರ್ಪಣಕ್ಕೆ f = −10.

ಮಸೂರ: 1/v − 1/u = 1/f
1/v = 1/10 − 1/15 = 1/30, v = +30

ದರ್ಪಣ: 1/v + 1/u = 1/f
1/v = −1/10 + 1/15 = −1/30, v = −30

ಬೆಳಕು ಮಸೂರವನ್ನು ದಾಟಿ ಹೋಗುತ್ತದೆ, ದರ್ಪಣದಿಂದ ಹಿಂದಿರುಗುತ್ತದೆ. ಹಾಗಾಗಿ ಸತ್ಯ ಪ್ರತಿಬಿಂಬದ ದೂರ ಅಲ್ಲಿ ಧನ, ಇಲ್ಲಿ ಋಣ. ವರ್ಧನೆಯ ಸೂತ್ರವೂ ಮಸೂರಕ್ಕೆ m = v/u, ದರ್ಪಣಕ್ಕೆ m = −v/u; ಎರಡರಲ್ಲೂ −2 ಬರುತ್ತದೆ. ಋಣ ಚಿಹ್ನೆಯ ಅರ್ಥ ಪ್ರತಿಬಿಂಬ ತಲೆಕೆಳಗು. ಕಂಡುಹಿಡಿಯಬೇಕಾದ v ಗೆ ಮೊದಲೇ ಚಿಹ್ನೆ ಹಾಕುವಂತಿಲ್ಲ, ಅದು ಲೆಕ್ಕದಿಂದಲೇ ಬರಬೇಕು.

ವಸ್ತುವನ್ನು 5 ಸೆಂ.ಮೀ.ಗೆ ತಂದರೆ, ಅಂದರೆ ಸಂಗಮ ಬಿಂದುವಿಗಿಂತ ಒಳಗಿಟ್ಟರೆ, ಕಿರಣಗಳು ಮುಂದೆ ಸೇರದೆ ಅಗಲುತ್ತವೆ. ಆಗ ಅವನ್ನು ಚುಕ್ಕೆಗೆರೆಗಳಲ್ಲಿ ಹಿಂದಕ್ಕೆ ಎಳೆಯಬೇಕು. ಮಸೂರಕ್ಕೆ v = −10, ದರ್ಪಣಕ್ಕೆ v = +10; ವರ್ಧನೆ ಎರಡಕ್ಕೂ +2. ನೇರವಾದ ಈ ಪ್ರತಿಬಿಂಬ ಮಿಥ್ಯವಾದ್ದರಿಂದ ಅದನ್ನೂ ಚುಕ್ಕೆಗೆರೆಯಲ್ಲೇ ಬರೆಯಬೇಕು. ಬಾಣದ ಗುರುತುಗಳು ನಿಜವಾದ ಕಿರಣಗಳಿಗೆ ಮಾತ್ರ.